ಬೆಂಕಿಪೊಟ್ಟಣದ ನೆರಳು ನಾಲ್ಕು ಪಟ್ಟು ಆಗುವುದು ಹೇಗೆ? ಎರಡನೇ ಕ್ಲಾಸಿನ ಮಕ್ಕಳ ಜೊತೆ ಒಂದು ಟಾರ್ಚ್ ಪ್ರಯೋಗ

"ಅವ್ವಾ, ನಾಳಿ ಸಾಲಿಗಿ ಬ್ಯಾಟ್ರಿ ಒಯ್ಬೇಕಂತ. ನೆಳ್ಳು ಮಾಡಸ್ತಾರಂತ."

ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆ ಎರಡನೇ ಕ್ಲಾಸಿನ ಮಗು ಇರುವ ಮನೆಯಲ್ಲಿ ಈ ಮಾತು ಒಂದಲ್ಲ ಒಂದು ಸಂಜೆ ಬರುತ್ತದೆ. ಮನೆಯವರು ರಾತ್ರಿ ಹೊಲಕ್ಕೆ ನೀರು ಬಿಡಲು ಹೋಗುವಾಗ ಹಿಡಿಯುವ ದೊಡ್ಡ ಟಾರ್ಚನ್ನು ಹುಡುಕಿ ಚೀಲಕ್ಕೆ ಹಾಕುತ್ತಾರೆ. ಮಾರನೇ ದಿನ ಶಾಲೆಯಲ್ಲಿ ಗೋಡೆ ಮೇಲೆ ಮೊಲ, ನಾಯಿ, ಹಕ್ಕಿ ಓಡಾಡುತ್ತವೆ. ಮಕ್ಕಳು ಕುಣಿಯುತ್ತಾರೆ. ಅಲ್ಲಿಗೆ ಪಾಠ ಮುಗಿಯುತ್ತದೆ.

ಆಟ ಚೆನ್ನಾಗಿಯೇ ಇರುತ್ತದೆ. ಆದರೆ ಆ ವಯಸ್ಸಿನ ಮಗುವಿಗೆ ತಾನೇ ಕಂಡುಹಿಡಿಯಲು ಸಾಧ್ಯವಿರುವ ಒಂದು ನಿಜವಾದ ಸಂಗತಿ ಅಲ್ಲಿದೆ. ಒಂದೇ ವಸ್ತುವಿನ ನೆರಳು ಒಮ್ಮೆ ದೊಡ್ಡದು, ಒಮ್ಮೆ ಚಿಕ್ಕದು ಆಗುತ್ತದೆ. ಯಾವಾಗ ದೊಡ್ಡದು, ಎಷ್ಟು ದೊಡ್ಡದು, ಯಾಕೆ? ಈ ಲೇಖನ ಅದೊಂದರ ಬಗ್ಗೆ. ಮನೆಯಲ್ಲಿ ಮಗುವಿನ ಜೊತೆ ಕೂರುವ ಅಪ್ಪ, ಅವ್ವ, ಅಜ್ಜ ಯಾರಾದರೂ ಮಾಡಿಸಬಹುದು. ಶಾಲೆಯಲ್ಲಾದರೆ ನಲಿ-ಕಲಿ ತರಗತಿಯಲ್ಲಿ ಮಕ್ಕಳು ಹೇಗೂ ಗುಂಪಾಗಿ ಕೂರುತ್ತಾರೆ, ಒಂದು ಗುಂಪಿಗೆ ಎರಡು ಬೆಂಕಿಪೊಟ್ಟಣ ಸಾಕು.

## ನೆರಳು ಎಲ್ಲಿದೆ?

ನೆರಳು ಅಂದರೆ ಬೆಳಕು ಬಂದು ತಲುಪದ ಜಾಗ. ಬೆಳಕು ನೇರವಾಗಿ ಹೋಗುತ್ತದೆ. ಎದುರಿಗೆ ವಸ್ತು ಸಿಕ್ಕರೆ ಅದನ್ನು ಬಳಸಿಕೊಂಡು ಹಿಂದಕ್ಕೆ ತಿರುಗುವುದಿಲ್ಲ. ಹಾಗಾಗಿ ವಸ್ತುವಿನ ಹಿಂದೆ ಕತ್ತಲು ಉಳಿಯುತ್ತದೆ. ದೊಡ್ಡವರಿಗೆ ಇದು ಸಲೀಸು. ಏಳು ವರ್ಷದ ಮಗುವಿಗೆ ಅಷ್ಟು ಸಲೀಸಲ್ಲ.

ಮಕ್ಕಳು ಲೋಕವನ್ನು ಹೇಗೆ ಅರ್ಥ ಮಾಡಿಕೊಳ್ಳುತ್ತಾರೆ ಎಂದು ಜೀವನವಿಡೀ ಅಭ್ಯಾಸ ಮಾಡಿದ ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆ, ಮಕ್ಕಳನ್ನು ನೆರಳಿನ ಬಗ್ಗೆಯೂ ಕೇಳಿದ್ದರು. ನೆರಳು ವಸ್ತುವಿನಿಂದಲೇ ಹೊರಗೆ ಬರುತ್ತದೆ ಎಂದು ಚಿಕ್ಕ ಮಕ್ಕಳು ಹೇಳಿದ್ದರು. ಈಗಲೂ ನಿಮ್ಮ ಮಗುವಿಗೆ "ನಿನ್ನ ನೆರಳಿನ ಚಿತ್ರ ಬರಿ" ಅಂತ ಹೇಳಿ ನೋಡಿ. ಬಹಳ ಮಕ್ಕಳು ಅದಕ್ಕೆ ಕಣ್ಣು, ಬಾಯಿ, ಅಂಗಿಯ ಗುಂಡಿ ಬರೆಯುತ್ತಾರೆ. ಕನ್ನಡಿಯಲ್ಲಿ ಕಾಣುವುದನ್ನೂ ನೆರಳನ್ನೂ ಒಂದೇ ಅಂದುಕೊಂಡಿರುತ್ತಾರೆ. ಆ ಚಿತ್ರವನ್ನು ತಿದ್ದಬೇಡಿ, ಸುಮ್ನೆ ಎತ್ತಿಡಿ. ಪ್ರಯೋಗ ಆದ ಮೇಲೆ ಅದೇ ಚಿತ್ರ ಮತ್ತೆ ಬರೆಸಿದರೆ ಏನು ಬದಲಾಯಿತು ಅಂತ ನಿಮಗೇ ಕಾಣುತ್ತದೆ.

ಇಲ್ಲಿ ಒಂದು ಚಿಕ್ಕ ಕೆಲಸ ಮಾಡಿಸಿ. ನನ್ನ ಪ್ರಕಾರ ಇಡೀ ಪಾಠದಲ್ಲಿ ಇದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಗೋಡೆ ಮೇಲೆ ಬೆಂಕಿಪೊಟ್ಟಣದ ನೆರಳು ಬಿದ್ದಿರುವಾಗ ಒಂದು ಬಿಳಿ ಹಾಳೆಯನ್ನು ಗೋಡೆಗೆ ಒತ್ತಿ ಹಿಡಿಯಿರಿ. ನೆರಳು ಹಾಳೆ ಮೇಲೆ ಬೀಳುತ್ತದೆ. ಈಗ ಹಾಳೆಯನ್ನು ಮೆಲ್ಲಗೆ ಪೊಟ್ಟಣದ ಕಡೆ ತನ್ನಿ. ನೆರಳು ಹಾಳೆಯ ಜೊತೆಗೇ ಬರುತ್ತದೆ, ಬರುತ್ತಾ ಬರುತ್ತಾ ಚಿಕ್ಕದಾಗುತ್ತದೆ. ಹಾಳೆ ಪೊಟ್ಟಣಕ್ಕೆ ತಾಗಿದಾಗ ನೆರಳು ಪೊಟ್ಟಣದಷ್ಟೇ ಆಗಿರುತ್ತದೆ.

ನೆರಳು ಗೋಡೆಯ ಮೇಲೆ ಅಂಟಿಕೊಂಡ ಕಪ್ಪು ಕಲೆ ಅಲ್ಲ ಎಂದು ಮಗುವಿಗೆ ಆಗ ಗೊತ್ತಾಗುತ್ತದೆ. ಪೊಟ್ಟಣದಿಂದ ಗೋಡೆಯವರೆಗೆ ಗಾಳಿಯಲ್ಲಿ ಉದ್ದಕ್ಕೂ ಬೆಳಕಿಲ್ಲದ ಜಾಗ ಇದೆ. ಅಲ್ಲಿ ತಡೆದು ತೋರಿಸುವ ಹಾಳೆ ಇರಲಿಲ್ಲ, ಅದಕ್ಕೇ ಕಾಣುತ್ತಿರಲಿಲ್ಲ. ಮಗು ತನ್ನ ಬೆರಳನ್ನು ಆ ಜಾಗಕ್ಕೆ ಹಾಕಿದರೆ ಬೆರಳೂ ಕಪ್ಪಾಗುತ್ತದೆ. ಇದನ್ನು ಮಕ್ಕಳು ಮತ್ತೆ ಮತ್ತೆ ಮಾಡುತ್ತಾರೆ. ಮಾಡಲಿ ಬಿಡಿ.

## ಮೊದಲು ಕತ್ತಲು ಬೇಕು

ನಮ್ಮ ಕಡೆ ಹಗಲಿನ ಬೆಳಕು ಎಂಥದ್ದು ಅಂತ ಹೇಳಬೇಕಿಲ್ಲ. ಬಾಗಿಲು ಮುಚ್ಚಿದರೂ ಕಿಟಕಿಯ ಸಂದಿಯಿಂದ ಬರುವ ಬೆಳಕಿಗೆ ಟಾರ್ಚಿನ ನೆರಳು ತೆಳ್ಳಗಾಗುತ್ತದೆ. ಬೇಸಿಗೆಯಲ್ಲಿ ಕಿಟಕಿ ಬಾಗಿಲು ಹಾಕಿ ಮಕ್ಕಳನ್ನು ಒಳಗೆ ಕೂರಿಸಬೇಡಿ, ಸೆಕೆಗೆ ಯಾರೂ ನೆರಳು ನೋಡುವುದಿಲ್ಲ. ಮನೆಯಲ್ಲಾದರೆ ಸಂಜೆ ಆದ ಮೇಲೆ ದೀಪ ಆರಿಸಿದರೆ ಆಯಿತು. ಶಾಲೆಯಲ್ಲಾದರೆ ಮೇಜಿನ ಮೇಲೆ ಮೂರು ಕಡೆ ಕಂಬಳಿ ಇಳಿಬಿಟ್ಟು ಕೆಳಗೆ ಜಾಗ ಮಾಡಿಕೊಳ್ಳಬಹುದು. ಟಿವಿ ಅಥವಾ ಕೂಲರ್ ಬಂದ ದೊಡ್ಡ ರಟ್ಟಿನ ಡಬ್ಬ ಸಿಕ್ಕರೆ ಇನ್ನೂ ಒಳ್ಳೆಯದು. ಅಡ್ಡ ಮಲಗಿಸಿ, ಒಳಗಿನ ಒಂದು ಗೋಡೆಗೆ ಬಿಳಿ ಹಾಳೆ ಅಂಟಿಸಿದರೆ ಅದೇ ಪರದೆ.

## ಹೊಲದ ಟಾರ್ಚ್ ಯಾಕೆ ಬೇಡ

ಎಷ್ಟೋ ಕಡೆ ಈ ಪ್ರಯೋಗ ಕೆಡುವುದು ಟಾರ್ಚಿನಿಂದ. ಹೊಲಕ್ಕೆ ಒಯ್ಯುವ ಟಾರ್ಚಿನ ಬಾಯಿ ಅಗಲ ಇರುತ್ತದೆ. ಒಳಗೆ ಹೊಳೆಯುವ ಬಟ್ಟಲಿನಂಥ ಭಾಗ ಇದ್ದು, ಅದರ ಇಡೀ ಅಗಲದಿಂದ ಬೆಳಕು ಹೊರಡುತ್ತದೆ. ದೂರದ ಬದು ಕಾಣಬೇಕಾದರೆ ಅದು ಸರಿ. ನೆರಳಿಗೆ ಸರಿಯಲ್ಲ.

ಯಾಕೆ ಅಂತ ನೋಡೋಣ. ಬಾಯಿ 5 ಸೆಂಟಿಮೀಟರ್ ಅಗಲದ ಟಾರ್ಚ್ ಎಂದುಕೊಳ್ಳಿ. ಬೆಂಕಿಪೊಟ್ಟಣದ ಉದ್ದವೂ ಹೆಚ್ಚುಕಡಿಮೆ 5 ಸೆಂಟಿಮೀಟರ್. ಟಾರ್ಚಿನ ಬಾಯಿಯ ಎಡ ಅಂಚಿನಿಂದ ಹೊರಟ ಬೆಳಕು ಒಂದು ಕಡೆ ನೆರಳು ಮಾಡುತ್ತದೆ, ಬಲ ಅಂಚಿನಿಂದ ಹೊರಟದ್ದು ಸ್ವಲ್ಪ ಪಕ್ಕಕ್ಕೆ ಇನ್ನೊಂದು ನೆರಳು ಮಾಡುತ್ತದೆ. ನಡುವಿನ ಎಲ್ಲಾ ಬಿಂದುಗಳೂ ಹೀಗೇ ಒಂದೊಂದು ನೆರಳು ಮಾಡುತ್ತವೆ. ಎಲ್ಲವೂ ಒಂದರ ಮೇಲೊಂದು ಬಿದ್ದಾಗ, ಎಲ್ಲಾ ನೆರಳುಗಳೂ ಸೇರುವ ನಡುವಿನ ಭಾಗ ಮಾತ್ರ ಗಾಢ ಕಪ್ಪಾಗುತ್ತದೆ. ಸುತ್ತಲಿನ ಜಾಗಕ್ಕೆ ಬಾಯಿಯ ಒಂದು ಪಾಲಿನ ಬೆಳಕು ಬರುತ್ತದೆ, ಇನ್ನೊಂದು ಪಾಲಿನದು ಬರುವುದಿಲ್ಲ. ಅದು ಮಸುಕಾಗಿ ಉಳಿಯುತ್ತದೆ.

ಟಾರ್ಚಿನ ಬಾಯಿಯೂ ಪೊಟ್ಟಣವೂ ಒಂದೇ ಅಗಲ ಇದ್ದರೆ, ನೀವು ಪೊಟ್ಟಣವನ್ನು ಎಲ್ಲಿಟ್ಟರೂ ನಡುವಿನ ಗಾಢ ಭಾಗ ಪೊಟ್ಟಣದಷ್ಟೇ ಇರುತ್ತದೆ. ಟಾರ್ಚಿನ ಹತ್ತಿರ ತಂದರೆ ನೆರಳು ಬೆಳೆಯುವುದು ಕಾಣುವುದಿಲ್ಲ, ಅಂಚು ಹರಡಿ ಮಸುಕಾಗುವುದು ಮಾತ್ರ ಕಾಣುತ್ತದೆ. "ಹತ್ತಿರ ತಂದರೆ ದೊಡ್ಡದಾಗುತ್ತೆ" ಅಂತ ನೀವು ಹೇಳುತ್ತೀರಿ, ಮಗುವಿನ ಕಣ್ಣಿಗೆ ಅದು ಕಾಣದು. ಮಗು ಕಂಡದ್ದನ್ನು ಬಿಟ್ಟು ನೀವು ಹೇಳಿದ್ದನ್ನೇ ಒಪ್ಪಿಕೊಂಡುಬಿಡುತ್ತದೆ. ಪ್ರಯೋಗ ಮಾಡಿಯೂ ಹೀಗಾದರೆ ಬಹಳ ಬೇಸರದ ಸಂಗತಿ.

ಟಾರ್ಚಿನ ಬಾಯಿಗೆ ಕಪ್ಪು ಕಾಗದ ಅಂಟಿಸಿ ನಡುವೆ ಚಿಕ್ಕ ತೂತು ಮಾಡುವ ಉಪಾಯ ಕೆಲವರು ಹೇಳುತ್ತಾರೆ. ಅಂಚು ಚೂಪಾಗುತ್ತದೆ, ನಿಜ. ಆದರೆ ಗೋಡೆ ಮೇಲೆ ಬೀಳುವ ಬೆಳಕಿನ ವೃತ್ತವೇ ಚಿಕ್ಕದಾಗಿಬಿಡುತ್ತದೆ. ದೊಡ್ಡ ನೆರಳು ಅದರೊಳಗೆ ಹಿಡಿಸುವುದಿಲ್ಲ.

ಇದಕ್ಕೆ ಫೋನಿನ ಟಾರ್ಚೇ ಸರಿ. ಅದರ ದೀಪ ಜೋಳದ ಕಾಳಿನಷ್ಟು ಚಿಕ್ಕದು, ಬೆಳಕು ಅಗಲಕ್ಕೆ ಹರಡುತ್ತದೆ. ಬೆಳಕು ಹೊರಡುವ ಜಾಗ ಚಿಕ್ಕದಾದಷ್ಟೂ ನೆರಳಿನ ಅಂಚು ಚೂಪು. ಕೆಲವು ಫೋನುಗಳಲ್ಲಿ ಎರಡು ದೀಪ ಇರುತ್ತವೆ, ಅಂಥದ್ದರಲ್ಲಿ ನೆರಳಿನ ಅಂಚು ಜೋಡಿಯಾಗಿ ಕಾಣುತ್ತದೆ. ಆಗ ಒಂದಕ್ಕೆ ಕಪ್ಪು ಟೇಪಿನ ತುಂಡು ಅಂಟಿಸಿ. ಫೋನು ದೊಡ್ಡವರ ಕೈಯಲ್ಲೇ ಇರಲಿ. ದೀಪವನ್ನು ಯಾರ ಕಣ್ಣಿಗೂ ಬಿಡಬಾರದು ಎಂದು ಶುರುವಿನಲ್ಲೇ ಹೇಳಿ. ಜಾತ್ರೆಯಲ್ಲಿ ಸಿಗುವ ಲೇಸರ್ ಲೈಟು ಮಾತ್ರ ಈ ಕೆಲಸಕ್ಕೆ ಬೇಡವೇ ಬೇಡ.

## ನಾಲ್ಕು ಗೇಣಿನ ಪ್ರಯೋಗ

ಸೆಂಟಿಮೀಟರ್ ಬೇಡ, ಸ್ಕೇಲೂ ಬೇಡ. ಎರಡನೇ ಕ್ಲಾಸಿನ ಮಗುವಿಗೆ ಗೇಣು ಗೊತ್ತು, ಎಣಿಸಲು ಬರುತ್ತದೆ. ಅಷ್ಟು ಸಾಕು.

ಗೋಡೆಯಿಂದ ಶುರು ಮಾಡಿ ನೆಲದ ಮೇಲೆ ನೇರವಾಗಿ ನಾಲ್ಕು ಗೇಣು ಅಳೆಯಿರಿ. ಗೇಣು ಯಾರದಾದರೂ ಆಗಲಿ, ನಾಲ್ಕೂ ಒಬ್ಬರದೇ ಆಗಿರಬೇಕು. ಒಂದೊಂದು ಗೇಣಿಗೂ ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ. ಗೋಡೆಯಿಂದ ನಾಲ್ಕನೇ ಗೇಣಿನ ಗೆರೆ ಮೇಲೆ ಫೋನನ್ನು ಅಡ್ಡಲಾಗಿ, ಪುಸ್ತಕಕ್ಕೆ ಒರಗಿಸಿ ನಿಲ್ಲಿಸಿ. ಅದರ ದೀಪ ಗೆರೆಯ ನೇರಕ್ಕೆ, ಪೊಟ್ಟಣದ ಎತ್ತರಕ್ಕಿಂತ ಕೆಳಗೆ ಇರಲಿ. ಇನ್ನು ಮುಂದೆ ಫೋನು ಅಲ್ಲಾಡಬಾರದು, ಗೋಡೆಯಂತೂ ಅಲ್ಲಾಡುವುದಿಲ್ಲ. ಪೊಟ್ಟಣ ಮಾತ್ರ ಜಾಗ ಬದಲಿಸುತ್ತದೆ. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಬೇಕು ಎಂಬುದು ಮಗು ಇಲ್ಲಿ ಕಲಿಯುವ ಇನ್ನೊಂದು ಪಾಠ.

ಬೆಂಕಿಪೊಟ್ಟಣವನ್ನು ಖಾಲಿ ಮಾಡಿ, ಉದ್ದನೆಯ ಬದಿ ನೆಲಕ್ಕೆ ಬರುವಂತೆ ಅಡ್ಡ ನಿಲ್ಲಿಸಿ. ಚಿತ್ರ ಇರುವ ಅಗಲದ ಮುಖ ಟಾರ್ಚಿನ ಕಡೆ ಇರಲಿ. ನೆರಳನ್ನು ಅಳೆಯಲು ಇನ್ನೊಂದು ಬೆಂಕಿಪೊಟ್ಟಣವೇ ನಿಮ್ಮ ಸ್ಕೇಲು. ಗೋಡೆ ಮೇಲೆ ನೆರಳಿನ ಎರಡೂ ಅಂಚಿಗೆ ಪೆನ್ಸಿಲ್ ಗುರುತು ಹಾಕಿ, ನಡುವೆ ಎಷ್ಟು ಪೊಟ್ಟಣ ಸಾಲಾಗಿ ಹಿಡಿಸುತ್ತವೆ ಎಂದು ಮಗು ಎಣಿಸಬೇಕು.

ನೆರಳಿನ ಅಗಲವನ್ನೇ ಅಳೆಯಿರಿ, ಎತ್ತರ ಬೇಡ. ದೀಪ ನೆಲದಿಂದ ಸ್ವಲ್ಪ ಮೇಲಿರುತ್ತದೆ, ಹಾಗಾಗಿ ನೆರಳಿನ ಕೆಳಗಿನ ಪಾಲು ಗೋಡೆಗೆ ಹೋಗದೆ ನೆಲದ ಮೇಲೇ ಬಿದ್ದುಬಿಡುತ್ತದೆ. ಎತ್ತರ ಅಳೆದರೆ ಲೆಕ್ಕ ಕಡಿಮೆ ಬರುತ್ತದೆ, ಯಾಕೆ ಅಂತ ಯಾರಿಗೂ ಗೊತ್ತಾಗುವುದಿಲ್ಲ. ಅಗಲಕ್ಕೆ ಆ ತೊಂದರೆ ಇಲ್ಲ.

ಈಗ ಪೊಟ್ಟಣವನ್ನು ಮೊದಲು ಗೋಡೆಗೆ ತಾಗಿಸಿ ಇಡಿ. ನೆರಳು ಒಂದು ಪೊಟ್ಟಣದಷ್ಟು. ಟಾರ್ಚಿನಿಂದ ಮೂರು ಗೇಣು ದೂರದ ಗೆರೆಗೆ ತನ್ನಿ. ಒಂದು ಪೊಟ್ಟಣ ಹಿಡಿಸಿ ಇನ್ನೂ ಸ್ವಲ್ಪ ಜಾಗ ಉಳಿಯುತ್ತದೆ. ಎರಡು ಗೇಣಿಗೆ ತಂದಾಗ ಸರಿಯಾಗಿ ಎರಡು ಪೊಟ್ಟಣ. ಇಲ್ಲಿ ನಿಲ್ಲಿಸಿ ಮಗುವನ್ನು ಕೇಳಿ: ಒಂದು ಗೇಣಿಗೆ ತಂದರೆ ಎಷ್ಟು ಆಗಬಹುದು?

ಬಹಳ ಮಕ್ಕಳು ಮೂರು ಅನ್ನುತ್ತಾರೆ. ಇಲ್ಲಿಯವರೆಗೆ ಹೆಚ್ಚಾದ ಲೆಕ್ಕ ನೋಡಿದರೆ ಮೂರು ಅನ್ನುವುದು ಬುದ್ಧಿವಂತ ಊಹೆಯೇ. ಅದನ್ನು ಗೋಡೆ ಮೇಲೆ ಗುರುತು ಹಾಕಿಸಿ, ಆಮೇಲೆ ಪೊಟ್ಟಣ ಸರಿಸಿ. ನೆರಳು ಆ ಗುರುತನ್ನು ದಾಟಿ ನಾಲ್ಕು ಪೊಟ್ಟಣದಷ್ಟು ಅಗಲವಾಗುತ್ತದೆ. ಅರ್ಧ ಗೇಣಿಗೆ ತಂದರೆ ಎಂಟು! "ಯಪ್ಪಾ, ನೆಳ್ಳು ಎಷ್ಟ್ ದೊಡ್ಡದಾತ್ರೀ ಟೀಚರ್" ಅನ್ನುವ ಕೂಗು ಬರುವುದು ಈ ಹೊತ್ತಿಗೆ.

ಲೆಕ್ಕ ದೊಡ್ಡವರಿಗೆ ಹೀಗಿದೆ. ಟಾರ್ಚಿನಿಂದ ಗೋಡೆಗಿರುವ ದೂರವನ್ನು ಟಾರ್ಚಿನಿಂದ ಪೊಟ್ಟಣಕ್ಕಿರುವ ದೂರದಿಂದ ಭಾಗಿಸಿ. ನೆರಳು ಅಷ್ಟು ಪಟ್ಟು ಆಗುತ್ತದೆ. ನಾಲ್ಕನ್ನು ಎರಡರಿಂದ ಭಾಗಿಸಿದರೆ ಎರಡು, ಒಂದರಿಂದ ಭಾಗಿಸಿದರೆ ನಾಲ್ಕು. ಮಗುವಿಗೆ ಈ ಭಾಗಾಕಾರ ಹೇಳಬೇಕಾಗಿಲ್ಲ. ಗೋಡೆ ಹತ್ತಿರ ಒಂದು ಗೇಣು ಸರಿಸಿದರೆ ನೆರಳು ಸ್ವಲ್ಪ ಮಾತ್ರ ಬೆಳೆಯುತ್ತದೆ, ಟಾರ್ಚಿನ ಹತ್ತಿರ ಸ್ವಲ್ಪ ಸರಿಸಿದರೂ ಜಾಸ್ತಿ ಬೆಳೆಯುತ್ತದೆ ಎಂದು ಅದಕ್ಕೆ ಕಂಡರೆ ಸಾಕು.

ನಿಮಗೆ ನಾಲ್ಕರ ಬದಲು ಮೂರೂವರೆಯೋ, ನಾಲ್ಕಕ್ಕಿಂತ ಸ್ವಲ್ಪ ಹೆಚ್ಚೋ ಬಂದರೆ ಗಾಬರಿ ಬೇಡ. ಫೋನಿನ ದೀಪ ಗೆರೆಗಿಂತ ಸ್ವಲ್ಪ ಹಿಂದಿದೆಯೇ, ಗೆರೆಗೆ ತಾಗಿಸಿರುವುದು ಪೊಟ್ಟಣದ ಟಾರ್ಚಿನ ಕಡೆಯ ಮುಖವನ್ನೋ, ಗೋಡೆ ಕಡೆಯದನ್ನೋ ಎಂದು ನೋಡಿ. ಟಾರ್ಚಿನ ಹತ್ತಿರ ಇಷ್ಟು ಚಿಕ್ಕ ವ್ಯತ್ಯಾಸವೂ ಗೋಡೆ ಮೇಲೆ ದೊಡ್ಡದಾಗಿ ಕಾಣುತ್ತದೆ.

## ಯಾಕೆ ಹೀಗೆ?

ಹತ್ತಿ, ಮೆಣಸಿನಕಾಯಿ ಹೊಲಕ್ಕೆ ಎಣ್ಣೆ ಹೊಡೆಯುವ ಪಂಪು ನಮ್ಮ ಮಕ್ಕಳಿಗೆ ಗೊತ್ತು. ಬರೀ ನೀರು ತುಂಬಿದ ಹೊಸ ಪಂಪಿನಿಂದ ಒಣಗಿದ ಗೋಡೆಗೆ ನೀರು ಹೊಡೆಯುತ್ತಿದ್ದೀರಿ ಎಂದುಕೊಳ್ಳಿ. ನಳಿಕೆಯ ತುದಿಯಲ್ಲಿ ಹನಿಗಳೆಲ್ಲ ಒಂದೇ ಕಡೆ ಒತ್ತಾಗಿರುತ್ತವೆ, ಮುಂದೆ ಹೋದಂತೆ ಅಗಲಕ್ಕೆ ಹರಡುತ್ತವೆ. ಗೋಡೆಯ ಹತ್ತಿರ ಅಂಗೈ ಹಿಡಿದರೆ ಅಂಗೈಯಷ್ಟು ಜಾಗ ಮಾತ್ರ ಒಣಗಿ ಉಳಿಯುತ್ತದೆ. ನಳಿಕೆಯ ತುದಿಗೇ ಅಂಗೈ ತಂದರೆ ಹೆಚ್ಚಿನ ಹನಿಗಳೆಲ್ಲ ಅಲ್ಲೇ ತಡೆದು, ಗೋಡೆ ಬಹುಪಾಲು ಒಣಗಿಯೇ ಇರುತ್ತದೆ.

ಟಾರ್ಚಿನ ಬೆಳಕೂ ಹಾಗೇ ಹರಡುತ್ತದೆ. ದೀಪದ ಹತ್ತಿರ ಇಟ್ಟ ಪೊಟ್ಟಣ ಬೆಳಕಿನ ದೊಡ್ಡ ಪಾಲನ್ನು ತಡೆಯುತ್ತದೆ. ಅದು ದೊಡ್ಡದಾಗಿಲ್ಲ, ಅದು ನಿಂತ ಜಾಗದಲ್ಲಿ ಬೆಳಕು ಇನ್ನೂ ಹರಡಿರಲಿಲ್ಲ ಅಷ್ಟೇ. ಮಗುವಿಗೆ ಕಣ್ಣಿಗೆ ಕಾಣುವಂತೆ ಮಾಡಬೇಕೆಂದರೆ ಒಂದು ದಾರ ಸಾಕು. ದೀಪದ ಪಕ್ಕ ದಾರದ ಒಂದು ತುದಿ ಒತ್ತಿ ಹಿಡಿದು, ಪೊಟ್ಟಣದ ಮೂಲೆಗೆ ತಾಗಿಸಿಕೊಂಡು ಬಿಗಿಯಾಗಿ ಗೋಡೆಯವರೆಗೆ ಎಳೆಯಿರಿ. ದಾರ ಗೋಡೆಗೆ ಮುಟ್ಟುವುದು ನೆರಳಿನ ಅಂಚಿಗೇ. ಪೊಟ್ಟಣ ಸರಿಸಿದಾಗಲೆಲ್ಲ ದಾರ ಎಳೆದು ನೋಡಲು ಮಕ್ಕಳಿಗೇ ಕೊಡಿ. ಬೆಳಕು ನೇರವಾಗಿ ಹೋಗುತ್ತದೆ ಎಂಬ ಮಾತಿಗೆ ಅವರ ಕೈಯಲ್ಲೇ ಸಾಕ್ಷಿ ಸಿಗುತ್ತದೆ.

## ತೊಗಲುಗೊಂಬೆಯವರಿಗೆ ಇದು ಮೊದಲೇ ಗೊತ್ತು

ಕೊಪ್ಪಳ ತಾಲ್ಲೂಕಿನ ಮೊರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ಅವರದು ತೊಗಲುಗೊಂಬೆಯಾಟ. ಬಿಳಿ ಪರದೆಯ ಹಿಂದೆ ದೀಪ, ದೀಪಕ್ಕೂ ಪರದೆಗೂ ನಡುವೆ ಗೊಂಬೆ, ಪರದೆಯ ಈಚೆ ಜನ. ಮಕ್ಕಳು ನೆಲದ ಮೇಲೆ ಮಾಡಿದ್ದೂ ಇದೇ ಮೂರರ ಜೋಡಣೆ ಅಲ್ವಾ?

ಆಟದವರು ಗೊಂಬೆಯನ್ನು ಪರದೆಗೆ ಒತ್ತಿ ಹಿಡಿಯುತ್ತಾರೆ. ಆಗ ಗೊಂಬೆ ಇದ್ದಷ್ಟೇ ದೊಡ್ಡದಾಗಿ, ಅಂಚು ಚೂಪಾಗಿ ಕಾಣುತ್ತದೆ. ಪರದೆಯಿಂದ ಹಿಂದಕ್ಕೆ, ದೀಪದ ಕಡೆ ಎಳೆದರೆ ಹಿಗ್ಗುತ್ತದೆ, ಮಸುಕೂ ಆಗುತ್ತದೆ. ಗೋಡೆಗೆ ತಾಗಿಸಿದ ಪೊಟ್ಟಣದ ನೆರಳು ಯಾಕೆ ಅಷ್ಟು ಸ್ಪಷ್ಟ ಇತ್ತು ಎಂಬುದಕ್ಕೂ ಕಾರಣ ಇದೇ.

ಇನ್ನೊಂದು ಸಂಗತಿ ಗಮನಿಸಿ. ಬೆಂಕಿಪೊಟ್ಟಣದ ನೆರಳು ಕಪ್ಪು, ತೊಗಲುಗೊಂಬೆಯದು ಕೆಂಪು, ಹಸಿರು. ತೊಗಲನ್ನು ಹದ ಮಾಡಿ ತೆಳ್ಳಗೆ ಮಾಡಿರುವುದರಿಂದ ಬೆಳಕಿನ ಒಂದು ಪಾಲು ಅದನ್ನು ದಾಟುತ್ತದೆ, ದಾಟುವಾಗ ಹಚ್ಚಿದ ಬಣ್ಣವನ್ನು ತೆಗೆದುಕೊಂಡು ಹೋಗುತ್ತದೆ. ಒಡವೆ, ಸೀರೆಯ ಅಂಚಿಗೆ ಹೊಡೆದ ಚಿಕ್ಕ ತೂತುಗಳಲ್ಲಿ ಬೆಳಕು ಪೂರ್ತಿ ದಾಟಿ ಚುಕ್ಕಿಗಳಾಗಿ ಹೊಳೆಯುತ್ತದೆ. ಬೆಳಕು ಪೂರ್ತಿ ದಾಟುವುದು, ಸ್ವಲ್ಪ ದಾಟುವುದು, ದಾಟದೇ ಇರುವುದು, ಮೂರೂ ಒಂದೇ ಕಡೆ. ಪುಸ್ತಕದಲ್ಲಿ ಇವಕ್ಕೆ ಪಾರದರ್ಶಕ, ಅರೆಪಾರದರ್ಶಕ, ಅಪಾರದರ್ಶಕ ಅನ್ನುತ್ತಾರೆ. ಎರಡನೇ ಕ್ಲಾಸಿಗೆ ಆ ಹೆಸರುಗಳ ಅವಸರವಿಲ್ಲ. ಪೊಟ್ಟಣ ಇಟ್ಟ ಜಾಗದಲ್ಲೇ ಸ್ಟೀಲಿನ ಲೋಟ, ಎಣ್ಣೆ ಸವರಿದ ಕಾಗದ, ಚಾಕೊಲೇಟಿನ ಬಣ್ಣದ ಹೊದಿಕೆ ಒಂದೊಂದಾಗಿ ಇಟ್ಟು ನೋಡಿದರೆ ವಿಷಯ ಮುಗಿಯಿತು.

ನೀರು ತುಂಬಿದ ಗಾಜಿನ ಲೋಟವನ್ನು ಮಾತ್ರ ಶುರುವಿನಲ್ಲಿ ಇಡಬೇಡಿ. ಅದರ ನೆರಳಿನ ನಡುವೆ ಒಂದು ಹೊಳೆಯುವ ಗೆರೆ ಬರುತ್ತದೆ. ನೀರಿನ ದುಂಡು ಆಕಾರ ಬೆಳಕನ್ನು ಬಗ್ಗಿಸಿ ಒಂದು ಕಡೆ ಸೇರಿಸುವುದರಿಂದ ಹಾಗಾಗುತ್ತದೆ. ಈಗಷ್ಟೇ ಬೆಳಕು ನೇರ ಹೋಗುತ್ತದೆ ಎಂದು ದಾರ ಎಳೆದು ನೋಡಿದ ಮಗುವಿಗೆ ಇದು ಗೊಂದಲ ತರುತ್ತದೆ.

## ಅರ್ಥವಾಯಿತೇ ಎಂದು ತಿಳಿಯುವುದು ಹೇಗೆ

"ನೆರಳು ಯಾವಾಗ ದೊಡ್ಡದಾಗುತ್ತೆ?" ಎಂದು ಕೇಳಿದರೆ ಮಗು "ಹತ್ತಿರ ಇದ್ದಾಗ" ಅನ್ನುತ್ತದೆ. ಯಾವುದಕ್ಕೆ ಹತ್ತಿರ? ಅದನ್ನು ಬಿಡಿಸಿ ಹೇಳಿಸಬೇಕು. ಗೋಡೆಗೆ ಹತ್ತಿರ ಇದ್ದಾಗ ದೊಡ್ಡದು ಎಂದು ಮನಸ್ಸಿನಲ್ಲಿಟ್ಟುಕೊಂಡ ಮಕ್ಕಳೂ ಇದೇ ಉತ್ತರ ಕೊಡುತ್ತಾರೆ.

ಅದಕ್ಕಿಂತ ಒಂದು ಕೆಲಸ ಕೊಡಿ. "ಪೊಟ್ಟಣ ಮುಟ್ಟಬಾರದು, ಆದರೂ ನೆರಳು ದೊಡ್ಡದು ಮಾಡು." ಫೋನನ್ನು ಪೊಟ್ಟಣದ ಹತ್ತಿರ ತರುವ ಮಗುವಿಗೆ ವಿಷಯ ತಿಳಿದಿದೆ. ಪೊಟ್ಟಣದ ಹಿಂದೆ ಬಿಳಿ ಹಾಳೆ ಹಿಡಿದು ಅದನ್ನು ದೂರ ಒಯ್ಯುವ ಮಗುವಿಗೂ ತಿಳಿದಿದೆ, ಬಹುಶಃ ಇನ್ನೂ ಚೆನ್ನಾಗಿ.

## ಬಿಸಿಲಿನಲ್ಲಿ ಯಾಕೆ ನಡೆಯುವುದಿಲ್ಲ

ಚುರುಕು ಮಗುವೊಂದು ಪೊಟ್ಟಣ ತೆಗೆದುಕೊಂಡು ಅಂಗಳಕ್ಕೆ ಓಡುತ್ತದೆ. ಮಧ್ಯಾಹ್ನದ ಬಿಸಿಲಿನಲ್ಲಿ ಪೊಟ್ಟಣವನ್ನು ನೆಲದಿಂದ ಮೇಲಕ್ಕೆ ಎತ್ತಿ, "ಸೂರ್ಯನ ಹತ್ರ ತಂದೆ, ದೊಡ್ಡದಾಗವಲ್ದು" ಅನ್ನುತ್ತದೆ. ಮಗು ಕಂಡದ್ದು ಸರಿ. ಸೂರ್ಯ ನಮ್ಮಿಂದ ಸುಮಾರು 15 ಕೋಟಿ ಕಿಲೋಮೀಟರ್ ದೂರ ಇದ್ದಾನೆ. ಎರಡು ಮೊಳ ಎತ್ತಿದರೆ ಅವನಿಗೆ ಹತ್ತಿರ ಹೋದಂತೆ ಆಗುವುದಿಲ್ಲ. ಅಷ್ಟು ದೂರದಿಂದ ಬರುವ ಬೆಳಕು ನಮ್ಮ ಅಂಗಳದಷ್ಟು ಜಾಗದಲ್ಲಿ ಹರಡುವುದೂ ಕಾಣುವುದಿಲ್ಲ, ಕಿರಣಗಳು ಪಕ್ಕ ಪಕ್ಕ ಸಮನಾಗಿ ಇಳಿಯುತ್ತವೆ.

ಆದರೆ ಮೇಲೆತ್ತಿದಾಗ ಅಂಚು ಮಸುಕಾಗುತ್ತದೆ. ಸೂರ್ಯ ನಮ್ಮ ಕಣ್ಣಿಗೆ ಚುಕ್ಕಿಯಲ್ಲ, ಚಿಕ್ಕ ತಟ್ಟೆ. ಹೊಲದ ಟಾರ್ಚಿನ ಅಗಲ ಬಾಯಿ ಮಾಡಿದ್ದನ್ನೇ ಆ ತಟ್ಟೆಯೂ ಮಾಡುತ್ತದೆ. ಸೂರ್ಯ ನೆತ್ತಿಯ ಮೇಲಿದ್ದಾಗ ಒಂದು ಮೀಟರ್ ಎತ್ತರದಲ್ಲಿ ಹಿಡಿದ ಪೊಟ್ಟಣದ ನೆರಳಿನ ಅಂಚು ಸುಮಾರು ಒಂದು ಸೆಂಟಿಮೀಟರ್ ಅಗಲಕ್ಕೆ ಮಸುಕಾಗಿರುತ್ತದೆ. ಮಗುವಿನ ಕೈಯಲ್ಲಿ ಪೊಟ್ಟಣ ಕೊಟ್ಟು ಎತ್ತಿಸಿ ಇಳಿಸಿ, ನೆಲದ ಮೇಲಿನ ಅಂಚನ್ನು ಇನ್ನೊಂದು ಮಗು ಬಗ್ಗಿ ನೋಡಲಿ. ಸೂರ್ಯನ ಕಡೆ ಮಾತ್ರ ಯಾರೂ ನೋಡಬಾರದು.